ಒಂದು ಮೊಳ ಟೇಪು

ರಾತ್ರಿ ಬಸ್ಸು, ಹಳೆಯ ಕ್ಯಾಸೆಟ್ಟಿನ ಹಾಡು, ಅಕ್ಕಪಕ್ಕದ ಸೀಟಿನಲ್ಲಿ ಗುರುತು ಪರಿಚಯವಿಲ್ಲದ ಇಬ್ಬರು. ಇಷ್ಟನ್ನಿಟ್ಟುಕೊಂಡು ಸಣ್ಣಕತೆ ಬರೆಯಲು ಕೂತವರು ಹೆಚ್ಚಾಗಿ ಹಿಡಿಯುವ ದಾರಿ ಒಂದೇ. ಹಾಡು ಶುರುವಾಗುತ್ತದೆ, ಒಬ್ಬರ ಕಣ್ಣು ಒದ್ದೆಯಾಗುತ್ತದೆ, ಪಕ್ಕದವರು ಅದನ್ನು ನೋಡಿ 'ನಿಮಗೂ ಈ ಹಾಡು ಇಷ್ಟವಾ' ಎಂದು ಕೇಳುತ್ತಾರೆ, ಇಬ್ಬರೂ ತಮ್ಮ ತಮ್ಮ ಹಳೆಯ ಪ್ರೀತಿಯ ನೆನಪು ಹೇಳಿಕೊಳ್ಳುತ್ತಾರೆ, ಬೆಳಗಾಗುತ್ತದೆ. ಓದುವಾಗ ಹಿತವಾಗಿರುತ್ತದೆ, ಮರುದಿನ ನೆನಪಿರುವುದಿಲ್ಲ. ಇಬ್ಬರಿಗೂ ಒಂದೇ ಹಾಡು ಒಂದೇ ಥರ ಇಷ್ಟವಾಗಿಬಿಟ್ಟರೆ ಅವರ ನಡುವೆ ನಡೆಯಬೇಕಾದದ್ದು ಏನೂ ಉಳಿಯುವುದಿಲ್ಲ. ಹೌದು ಹೌದು ಎಂದು ತಲೆಯಾಡಿಸುವ ಇಬ್ಬರಿಂದ ಕತೆ ಹುಟ್ಟುವುದು ಕಷ್ಟ.

ನನ್ನ ನಂಬಿಕೆ ಬೇರೆ. ಆ ಇಬ್ಬರಿಗೂ ಹಾಡು ಗೊತ್ತಿರಬೇಕು, ಆದರೆ ಬೇರೆ ಬೇರೆ ರೀತಿಯಲ್ಲಿ ಗೊತ್ತಿರಬೇಕು. 'ಅದು ಹಾಗಲ್ಲ' ಎಂದು ಒಬ್ಬರು ಹೇಳುವ ಕ್ಷಣದಲ್ಲಿ ಅಪರಿಚಿತರು ಹತ್ತಿರವಾಗುತ್ತಾರೆ. ಪರಿಚಯವಿಲ್ಲದವರ ಜೊತೆ ಯಾರೂ ತಕರಾರು ತೆಗೆಯುವುದಿಲ್ಲ. ತಕರಾರು ತೆಗೆದರೆಂದರೆ ಅಷ್ಟರ ಮಟ್ಟಿಗೆ ಅವರು ಪರರಾಗಿ ಉಳಿದಿಲ್ಲ. ಇಂಥ ಒಂದು ಕತೆಯನ್ನು ಇಲ್ಲಿ ಕಟ್ಟಿ ನೋಡೋಣ. ಯಾವ ಹಾಡು, ಯಾವ ದಾರಿ, ಯಾವ ಗಳಿಗೆ ಎಂಬ ಆಯ್ಕೆಗಳಿಗೆಲ್ಲ ಕಾರಣ ಕೊಡುತ್ತ ಹೋಗುತ್ತೇನೆ.

ಮೊದಲು ಹಾಡು. ಸಿನಿಮಾ ಹಾಡನ್ನು ಇಟ್ಟುಕೊಂಡರೆ ಈ ಕತೆ ನಡೆಯುವುದಿಲ್ಲ. ಸಿನಿಮಾ ಹಾಡಿಗೆ ಇರುವುದು ಒಂದೇ ರೂಪ. ಬೀದರಿನಲ್ಲಿ ಕೇಳಿದರೂ ಚಾಮರಾಜನಗರದಲ್ಲಿ ಕೇಳಿದರೂ ಅದೇ ದನಿ, ಅದೇ ವಾದ್ಯ. ಕ್ಯಾಸೆಟ್ಟಿಗೆ ಬರುವ ಮೊದಲೇ ಜನರ ಬಾಯಲ್ಲಿ ಬಾಳಿದ್ದ ಹಾಡು ನಮಗೆ ಬೇಕು. ಅದಕ್ಕೆ ಶಿಶುನಾಳ ಷರೀಫರ ತತ್ವಪದಕ್ಕಿಂತ ಒಳ್ಳೆಯದು ಸಿಗಲಾರದು.

ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಊರು ಶಿಗ್ಗಾವಿ ಹತ್ತಿರದ ಶಿಶುವಿನಹಾಳ. ಮುಸಲ್ಮಾನರ ಮನೆಯ ಹುಡುಗ ಕಳಸದ ಗೋವಿಂದಭಟ್ಟರ ಶಿಷ್ಯನಾಗಿ, ನೋಡಿದ್ದನ್ನೆಲ್ಲ ಪದ ಕಟ್ಟಿ ಹಾಡಿದ. ಆ ಪದಗಳು ಸುತ್ತಲಿನ ಹಳ್ಳಿಗಳ ಭಜನೆಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳ ಜೊತೆ ನೂರು ವರ್ಷ ನಡೆದು ಬಂದವು. ಪದ ಪುಸ್ತಕದಲ್ಲಿ ಅಚ್ಚಾದರೂ ಅದರ ಧಾಟಿ ಕಿವಿಯಿಂದ ಕಿವಿಗೇ ದಾಟಬೇಕಿತ್ತು. ಆದ್ದರಿಂದ ಒಂದೇ ಪದವನ್ನು ಒಂದೂರಿನವರು ಹಾಡಿದ ಹಾಗೆ ಪಕ್ಕದ ಊರಿನವರು ಹಾಡಬೇಕೆಂದಿರಲಿಲ್ಲ. ಎಲ್ಲಿ ಎಳೆಯಬೇಕು, ಯಾವ ಸಾಲನ್ನು ಎರಡು ಸಲ ಹೇಳಬೇಕು, ಪಲ್ಲವಿಗೆ ಯಾವಾಗ ತಿರುಗಬೇಕು ಎಂಬುದೆಲ್ಲ ಆ ಊರಿನ ಭಜನೆ ಹಿರಿಯನ ಮರ್ಜಿ.

ಆಮೇಲೆ ಕ್ಯಾಸೆಟ್ ಬಂತು. ಫಿಲಿಪ್ಸ್ ಕಂಪನಿ ಅದನ್ನು ಲೋಕಕ್ಕೆ ತೋರಿಸಿದ್ದು 1963ರಲ್ಲಿ. ನಮ್ಮಲ್ಲಿ ಅದು ಮನೆಮನೆಯ ವಸ್ತುವಾಗಲು ಎಪ್ಪತ್ತರ ದಶಕ ಕಳೆಯಬೇಕಾಯಿತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಹೆಸರಾದ 'ನಿತ್ಯೋತ್ಸವ' ಹೊರಬಂದದ್ದು 1978ರಲ್ಲಿ, ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಗ್ರಾಮಫೋನ್ ತಟ್ಟೆ ಒತ್ತಲು ದೊಡ್ಡ ಕಾರ್ಖಾನೆ ಬೇಕು, ಕ್ಯಾಸೆಟ್ ನಕಲು ಮಾಡಲು ಒಂದು ಕೋಣೆ ಸಾಕು. ಹಾಗಾಗಿ ಸಣ್ಣ ಬಂಡವಾಳದವರೂ ಹಾಡು ಮಾರಬಹುದಾಯಿತು, ಸಿನಿಮಾದ ಹೊರಗಿನ ಕನ್ನಡ ಹಾಡಿಗೂ ಪೇಟೆಯಲ್ಲಿ ಜಾಗ ಸಿಕ್ಕಿತು. ಆ ಅಲೆಯಲ್ಲೇ ಷರೀಫರೂ ಬಂದರು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಅವರ ಪದಗಳನ್ನು ನಗರದ ಕೇಳುಗರ ಹತ್ತಿರ ತರಲು ದುಡಿದರು, ಸಿ. ಅಶ್ವತ್ಥ್ ರಾಗ ಹಾಕಿ ತಮ್ಮ ತುಂಬುಕಂಠದಲ್ಲಿ ಹಾಡಿದರು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' ಸಿನಿಮಾ ಬಂತು, ಸಂಗೀತ ಅಶ್ವತ್ಥರದ್ದೇ. ಷರೀಫರ ಹೆಸರನ್ನೇ ಕೇಳಿರದ ಮೈಸೂರು, ಮಂಡ್ಯ, ತುಮಕೂರಿನ ಮನೆಗಳಲ್ಲಿ ಅವರ ಪದ ಮೊಳಗಿತು. ಅದರ ಜೊತೆಗೇ ಇನ್ನೊಂದು ಸಂಗತಿಯೂ ಆಯಿತು. ಹತ್ತಾರು ಧಾಟಿಗಳಿದ್ದ ಪದಕ್ಕೆ ಕೇಳುಗರ ಮನಸ್ಸಿನಲ್ಲಿ ಒಂದು ಧಾಟಿ ಗಟ್ಟಿಯಾಗಿ ಕೂತಿತು. ಕ್ಯಾಸೆಟ್ಟು ಎಷ್ಟು ಸಲ ಹಾಕಿದರೂ ಅದೇ ಉಸಿರು, ಅದೇ ತಿರುವು. ನಮ್ಮ ಕತೆ ಇರುವುದು ಈ ಎರಡು ಸಂಗತಿಗಳ ನಡುವೆ.

ದಾರಿಯ ಆಯ್ಕೆ ಇಲ್ಲಿಂದಲೇ ಹೊರಡುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿಲೋಮೀಟರ್. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹಾವೇರಿ, ಶಿಗ್ಗಾವಿ. ಈ ದಾರಿಯಲ್ಲಿ ಹರಿಹರದ ಹತ್ತಿರ ತುಂಗಭದ್ರೆಯ ಮೇಲೆ ಸೇತುವೆ ಇದೆ. 1956ರಲ್ಲಿ ಕನ್ನಡ ನಾಡು ಒಂದಾಗುವ ತನಕ ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತ. ಈಗಲೂ ಸೇತುವೆ ದಾಟಿದರೆ ಚಹಾದಂಗಡಿಯಲ್ಲಿ ಕಿವಿಗೆ ಬೀಳುವ ಕನ್ನಡವೇ ಬದಲಾಗುತ್ತದೆ. ಹಾಡಿನ ಎರಡು ಧಾಟಿಗಳ ಕತೆಗೆ ಇದಕ್ಕಿಂತ ಸರಿಯಾದ ದಾರಿ ನನಗೆ ಗೊತ್ತಿಲ್ಲ. ಜಗಳ ಸೇತುವೆ ದಾಟಿದ ಮೇಲೆ ಆಗಬೇಕು. ಆದರೆ ಕತೆಗಾರ ಬಾಯಿಬಿಟ್ಟು ಈ ಚರಿತ್ರೆ ಹೇಳಕೂಡದು. 'ಬಸ್ಸು ಹೊಳೆ ದಾಟಿತು' ಎಂಬ ಒಂದು ವಾಕ್ಯ ಸಾಕು, ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ವರ್ಷ 1993 ಇರಲಿ. ಸಿನಿಮಾ ಬಂದು ಮೂರು ವರ್ಷವಾಗಿದೆ, ಕ್ಯಾಸೆಟ್ ಹಳ್ಳಿಗಳನ್ನೂ ಮುಟ್ಟಿದೆ. ಬರೆಯುವವರು ಇಂಥ ಕಡೆ ಎಚ್ಚರ ತಪ್ಪಬಾರದು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮುಂಚೆ ಅದು ಧಾರವಾಡ ಜಿಲ್ಲೆಯ ತಾಲ್ಲೂಕು. 1993ರ ಮುದುಕಿಯ ಬಾಯಲ್ಲಿ 'ಹಾವೇರಿ ಜಿಲ್ಲೆ' ಎಂದು ಬಂದರೆ ಆ ಸೀಮೆಯ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ.

ಇನ್ನು ಇಬ್ಬರು ಯಾರು? ಕತೆಗಾರರ ಮನಸ್ಸು ಮೊದಲು ಹೋಗುವುದು ಒಬ್ಬ ಹುಡುಗ, ಒಬ್ಬಳು ಹುಡುಗಿಯ ಕಡೆಗೆ. ಆಗಿನ ರಾತ್ರಿ ಬಸ್ಸಿನಲ್ಲಿ ಅದು ಸುಲಭಕ್ಕೆ ಆಗುತ್ತಿರಲಿಲ್ಲ. ಒಂಟಿ ಹೆಂಗಸು ಹತ್ತಿದರೆ ಬುಕಿಂಗ್ ಕಚೇರಿಯವರೋ ಕಂಡಕ್ಟರೋ ಸೀಟು ಅದಲು ಬದಲು ಮಾಡಿ ಇನ್ನೊಬ್ಬ ಹೆಂಗಸಿನ ಪಕ್ಕದಲ್ಲೇ ಕೂರಿಸುತ್ತಿದ್ದರು. ಈ ವಾಡಿಕೆಯೇ ನಮಗೆ ಅನುಕೂಲ. ನಮ್ಮ ಕತೆಯಲ್ಲಿ ಇಬ್ಬರೂ ಹೆಂಗಸರು, ಬಸ್ಸಿನ ನಿಯಮವೇ ಅವರನ್ನು ಜೊತೆಗೆ ಕೂರಿಸಿದೆ. ಒಬ್ಬಳು ಮೈಸೂರಿನ ಹುಡುಗಿ, ಇಪ್ಪತ್ಮೂರು ಇಪ್ಪತ್ನಾಲ್ಕರ ವಯಸ್ಸು, ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಮೇಡಂ ಆಗಿ ಸೇರಲು ಹೊರಟವಳು. ಕಾಲೇಜಿನಲ್ಲಿದ್ದಾಗ ಸುಗಮ ಸಂಗೀತದ ಸ್ಪರ್ಧೆಗಳಲ್ಲಿ ಷರೀಫರ ಪದ ಹಾಡಿ ಬಹುಮಾನ ತಂದವಳು. ಕ್ಯಾಸೆಟ್ ಹಾಕಿ, ನಿಲ್ಲಿಸಿ, ಹಿಂದೆ ತಿರುಗಿಸಿ, ಒಂದೊಂದು ತಿರುವನ್ನೂ ಕಲಿತವಳು. ಇನ್ನೊಬ್ಬಳು ಅರವತ್ತು ದಾಟಿದ ಮುದುಕಿ, ಶಿಗ್ಗಾವಿಯಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿದು ತನ್ನ ಹಳ್ಳಿಗೆ ಹೋಗಬೇಕಾದವಳು. ಬೆಂಗಳೂರಿನ ಮಗನ ಮನೆಯಲ್ಲಿ ತಿಂಗಳಿದ್ದು ಬಂದಿದ್ದಾಳೆ. ಇಬ್ಬರಿಗೂ ಹೆಸರು ಬೇಡ. ಬಸ್ಸಿನಲ್ಲಿ ನಮ್ಮ ಜನ ಮೊದಲು ಕೇಳುವುದು ಊರು, ಆಮೇಲೆ ಮನೆತನ, ಮಕ್ಕಳು, ಕೆಲಸ. ಹೆಸರು ಕೇಳದೆಯೇ ರಾತ್ರಿ ಕಳೆದುಹೋಗುತ್ತದೆ.

ಈಗ ಬಸ್ಸಿನೊಳಗಿನ ಸದ್ದು. ಇದನ್ನು ಸರಿಯಾಗಿ ಕಾಣದೆ ಬರೆದ ಕತೆಗಳಲ್ಲಿ ಪಾತ್ರಗಳು ಮನೆಯ ಹಜಾರದಲ್ಲಿ ಕೂತವರ ಹಾಗೆ ಹಾಡು ಕೇಳುತ್ತವೆ. ಆ ಕಾಲದ ಬಸ್ಸುಗಳಲ್ಲಿ ಎಂಜಿನ್ ಮುಂದೆ, ಡ್ರೈವರನ ಪಕ್ಕದಲ್ಲೇ ಇರುತ್ತಿತ್ತು. ಅದರ ಗುಡುಗಿನಂಥ ತಗ್ಗು ಸದ್ದು ಹಾಡಿನ ತಗ್ಗು ಸದ್ದುಗಳನ್ನೆಲ್ಲ ನುಂಗುತ್ತಿತ್ತು. ತಬಲಾದ ಎಡಗೈ ಕೇಳಿಸದು, ತಾಳದ ಕಿಣಿಕಿಣಿ, ಕೊಳಲು, ಏರುದನಿಯ ಗಾಯನ ಇವಷ್ಟೇ ಮೇಲೆ ತೇಲುತ್ತಿದ್ದವು. ಏರಿನಲ್ಲಿ ಡ್ರೈವರ್ ಗೇರು ಇಳಿಸಿದರೆ ಹಾಡು ಪೂರ್ತಿ ಮುಳುಗುವುದು. ರೈಲ್ವೆ ಗೇಟಿನ ಮುಂದೆ ಎಂಜಿನ್ ಆರಿಸಿದರೆ ಅದೇ ಹಾಡು ಒಮ್ಮೆಲೇ ಬಸ್ಸು ತುಂಬುವುದು. ಯಾವ ಮಾತು ಎಲ್ಲಿ ಆಡಬಹುದು, ಯಾವ ಸಾಲು ಎಲ್ಲಿ ಕೇಳಿಸುತ್ತದೆ ಎಂಬುದನ್ನು ರಸ್ತೆಯೇ ತೀರ್ಮಾನಿಸುತ್ತದೆ. ಕತೆಗಾರರಿಗೆ ಇದೊಂದು ಹತ್ಯಾರ. ಪಾತ್ರ ಅರ್ಧ ಕೇಳಿಸಿಕೊಂಡು ಅರ್ಧ ಊಹಿಸಿಕೊಳ್ಳುವಂತೆ ಮಾಡಬಹುದು.

ರಾತ್ರಿ ಬಸ್ಸಿನ ಹಾಡಿಗೆ ಹೊತ್ತು ಗೊತ್ತೂ ಇದೆ. ಒಂಬತ್ತಕ್ಕೆ ಹೊರಟ ಬಸ್ಸಿನಲ್ಲಿ ಮೊದಲ ಎರಡು ಗಂಟೆ ಪ್ರಯಾಣಿಕರಿಗೆಂದು ಸಿನಿಮಾ ಹಾಡು. ಹಿರಿಯೂರಿನ ಆಸುಪಾಸಿನಲ್ಲಿ ಚಹಾಕ್ಕೆ ನಿಂತು ಹೊರಟ ಮೇಲೆ ದೀಪ ಆರುತ್ತದೆ, ಹಾಡೂ ನಿಲ್ಲುತ್ತದೆ. ಮತ್ತೆ ಶುರುವಾಗುವುದು ಮೂರು ಗಂಟೆಯ ಮೇಲೆ, ದಾವಣಗೆರೆ ಹತ್ತಿರ ಬಂದಾಗ. ಆ ಹಾಡು ಪ್ರಯಾಣಿಕರಿಗಲ್ಲ, ಡ್ರೈವರಿಗೆ. ಮೂರರಿಂದ ಐದರವರೆಗೆ ಕಣ್ಣು ತೂಗುವ ಹೊತ್ತು, ಎಚ್ಚರವಾಗಿರಲು ಅವನಿಗೊಂದು ದನಿ ಬೇಕು. ಬೆಳಗಿನ ಜಾವವಾದ್ದರಿಂದ ದೇವರ ಹಾಡೋ ತತ್ವಪದವೋ ಹಾಕುತ್ತಾನೆ. ನಮ್ಮ ಡ್ರೈವರ್ ಹುಬ್ಬಳ್ಳಿ ಕಡೆಯವನು, ಹಾಕಿದ್ದು ಷರೀಫರ ಕ್ಯಾಸೆಟ್. ಎಲ್ಲರೂ ಮಲಗಿದ್ದಾರೆ, ಎಚ್ಚರವಿರುವುದು ಎರಡನೆಯ ಸಾಲಿನ ಈ ಇಬ್ಬರು. ಹುಡುಗಿಗೆ ಹೊಸ ಕೆಲಸದ ಅಳುಕು, ಮುದುಕಿಗೆ ಇಳಿಯುವ ಊರು ತಪ್ಪೀತೆಂಬ ಭಯ. ಹಾಡು ಅವರಿಗಾಗಿ ಹಾಕಿದ್ದಲ್ಲದ್ದರಿಂದಲೇ ಕತೆಗೆ ಒಂದು ಸಹಜತೆ ಬರುತ್ತದೆ.

ಕತೆಯ ಘಟನೆಯನ್ನು ಒದಗಿಸುವುದು ಕ್ಯಾಸೆಟ್ಟಿನ ಯಂತ್ರ. ಟೇಪು ಓಡುವುದು ಒಂದು ತೆಳು ಉಕ್ಕಿನ ಕಡ್ಡಿ ಮತ್ತು ಒಂದು ರಬ್ಬರ್ ಗಾಲಿಯ ನಡುವೆ ಒತ್ತಿಕೊಂಡು. ಹಾಗೆ ಮುಂದೆ ಬಂದ ಟೇಪನ್ನು ಬಲಗಡೆಯ ಚಕ್ರ ಕೂಡಲೇ ಸುತ್ತಿಕೊಳ್ಳಬೇಕು. ಬಸ್ಸಿನ ಧೂಳು, ಬಿಸಿಲು, ಎಂಜಿನ್ನಿನ ಕಾವಿಗೆ ಆ ರಬ್ಬರ್ ಅಂಟಂಟಾಗುತ್ತದೆ, ಚಕ್ರ ತಿರುಗಿಸುವ ಭಾಗ ಸಡಿಲಾಗುತ್ತದೆ. ಆಗ ಟೇಪು ಮುಂದೆ ಬರುತ್ತಲೇ ಇರುತ್ತದೆ, ಸುತ್ತಿಕೊಳ್ಳುವವರಿಲ್ಲ. ಸಡಿಲಾದ ಟೇಪು ಗಾಲಿಗೇ ಸುತ್ತಿಕೊಂಡು ಯಂತ್ರದ ಹೊಟ್ಟೆ ಸೇರುತ್ತದೆ. ಇದು ಹೇಳದೆ ಬರುವುದಿಲ್ಲ. ಮೊದಲು ಹಾಡು ಮಂಕಾಗುತ್ತದೆ, ಆಮೇಲೆ ದನಿ ಅಲುಗಾಡಿ ನಿದ್ದೆಗಣ್ಣಿನ ಮನುಷ್ಯನ ಮಾತಿನಂತೆ ಎಳೆಯುತ್ತದೆ, ಕೊನೆಗೆ ಕಟ್ಟೆಂದು ನಿಲ್ಲುತ್ತದೆ. ಕ್ಯಾಸೆಟ್ ಕೇಳಿ ಬೆಳೆದವರಿಗೆ ಆ ಎಳೆತ ಕೇಳಿದೊಡನೆ ಕೈ ಬಟನ್ ಕಡೆಗೆ ಹೋಗುತ್ತಿತ್ತು. ಆದರೆ ಡ್ರೈವರಿನ ಎರಡೂ ಕೈ ಸ್ಟೇರಿಂಗ್ ಮೇಲಿದೆ, ಕ್ಲೀನರ್ ನಿದ್ದೆಯಲ್ಲಿದ್ದಾನೆ.

ರಾಣೆಬೆನ್ನೂರು ದಾಟಿದೆ. ನಾಲ್ಕೂಕಾಲರ ಹೊತ್ತು, ರಸ್ತೆ ಸಮತಟ್ಟು, ಎಂಜಿನ್ ಒಂದೇ ಹದದಲ್ಲಿದೆ. ಎ ಬದಿಯ ಹನ್ನೆರಡನೆಯ ನಿಮಿಷ, ಹಾಡಿನ ಎರಡನೆಯ ನುಡಿ. ಇಲ್ಲಿ ಟೇಪು ಸಿಕ್ಕಿಕೊಳ್ಳುತ್ತದೆ. ದೃಶ್ಯವನ್ನು ನಾನು ಹೀಗೆ ಬರೆಯುತ್ತೇನೆ.

ಹಾಡು ನಿಂತಿತು. ಮುದುಕಿ ನಿಲ್ಲಿಸಲಿಲ್ಲ. ಸೆರಗಿನೊಳಗೆ ಬಾಯಿಟ್ಟುಕೊಂಡು ಮುಂದಿನ ಸಾಲು ಹೇಳಿದಳು, ಅದನ್ನೇ ಮತ್ತೊಮ್ಮೆ ತಗ್ಗಿಸಿ ಹೇಳಿದಳು. ಹುಡುಗಿ ತಿರುಗಿ ನೋಡಿದಳು.

"ಅಮ್ಮ, ಅದು ಹಾಗಲ್ಲ."

"ಏನು ಹಾಂಗಲ್ಲ?"

"ಆ ಸಾಲು ಎರಡನೇ ಸಲ ಮೇಲೆ ಹೋಗುತ್ತೆ. ನೀವು ಕೆಳಗೆ ತಂದ್ರಿ."

"ಕೆಳಗs ಬರಬೇಕವ್ವಾ. ನಮ್ಮಪ್ಪ ಏಕತಾರಿ ಹಿಡದು ಹಾಡಾಂವ. ನಾ ರೊಟ್ಟಿ ಬಡ್ಯೂದು ಕಲಿಯೂಕಿಂತ ಮೊದಲ ಇದನ್ನ ಕಲತೀನಿ."

"ಆದ್ರೆ ಕ್ಯಾಸೆಟ್ಟಲ್ಲಿ..."

"ಕ್ಯಾಸೆಟ್ಟಿನಾಂವ ಯಾವೂರಾಂವ?"

ಹುಡುಗಿಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಬೆಂಗಳೂರು" ಅಂದಳು.

"ಚಲೋ ಹಾಡ್ಯಾನ. ನಾ ಅಲ್ಲಂಗಿಲ್ಲ. ಈಗ ನಮ್ಮೂರ ಹುಡುಗ್ರೂ ಅವನ ಹಾಂಗs ಹಾಡ್ತಾವ. ನಾ ನಡುಕ ಬಾಯಿ ಹಾಕಿದ್ರ, ಅಮ್ಮಾ ನಿಂದು ತಪ್ಪೈತಿ ಅಂತಾವ. ಮಠದ ಕಟ್ಟೀ ಮ್ಯಾಲೆ ಕುಂತು ನಮ್ಮಪ್ಪನ ಪದಾ ತಪ್ಪು ಅಂತಾವ."

ಕ್ಲೀನರ್ ಎದ್ದು ಕ್ಯಾಸೆಟ್ ಎಳೆಯತೊಡಗಿದ. ಕಂದು ಟೇಪು ಅವನ ಬೆರಳಿಗೆ ಸುತ್ತಿಕೊಂಡು ಹೊರಬಂತು. "ಯಾರ ಹತ್ರರೇ ಪೆನ್ಸಿಲ್ ಐತೇನ್ರೀ?" ಎಂದ.

ದೃಶ್ಯವನ್ನು ಇಲ್ಲಿಗೆ ತಡೆಯುತ್ತೇನೆ. ಹುಡುಗಿ ಹೇಳಿದ 'ಹಾಗಲ್ಲ' ಎಂಬ ಮಾತಿನ ಭಾರ ಅವಳಿಗೆ ತಿಳಿಯುವುದು ಮುದುಕಿಯ ಊರಿನ ಹುಡುಗರ ಮಾತು ಕೇಳಿದ ಮೇಲೆ. ತಾನು ಹೇಳಿದ್ದೂ ಅದನ್ನೇ. ಅದಕ್ಕಾಗಿ ಅವಳು ಕ್ಷಮೆ ಕೇಳುವುದು, ಮುದುಕಿ ತಲೆ ಸವರುವುದು ಬೇಡ. ಅವಳು ಚೀಲ ತೆರೆದು ಪೆನ್ಸಿಲ್ ತೆಗೆದು, ಕ್ಯಾಸೆಟ್ಟನ್ನು ತಾನೇ ಇಸಿದುಕೊಂಡರೆ ಸಾಕು. ಹಾಡಿನ ಒಂದೂ ಸಾಲನ್ನು ನಾನು ಇಲ್ಲಿ ಬರೆಯದಿರುವುದಕ್ಕೂ ಕಾರಣವಿದೆ. ಸಾಲು ಬರೆದ ಕೂಡಲೇ ಓದುಗರ ತಲೆಯಲ್ಲಿ ಕ್ಯಾಸೆಟ್ಟಿನ ಧಾಟಿ ಓಡತೊಡಗುತ್ತದೆ, ಮುದುಕಿಯ ಧಾಟಿಗೆ ಜಾಗವೇ ಉಳಿಯುವುದಿಲ್ಲ. 'ಮೇಲೆ ಹೋಗುತ್ತೆ', 'ಕೆಳಗs ಬರಬೇಕು' ಎಂಬ ಎರಡು ಮಾತು ಸಾಕು. ಓದುಗರು ಕೇಳಿರದ ಧಾಟಿಯನ್ನು ತಾವೇ ಕಲ್ಪಿಸಿಕೊಳ್ಳುತ್ತಾರೆ.

ಸಿಕ್ಕಿದ ಟೇಪನ್ನು ಬಿಡಿಸುವುದಕ್ಕೆ ಒಂದು ಕ್ರಮವಿತ್ತು. ರಭಸದಿಂದ ಎಳೆದರೆ ಟೇಪು ಹಿಗ್ಗುತ್ತದೆ. ಹಿಗ್ಗಿದ ಜಾಗದಲ್ಲಿ ಹಾಡು ಮತ್ತೆಂದೂ ಸರಿಯಾಗದು. ಗಾಲಿಯನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತ ಒಂದೊಂದೇ ಸುತ್ತು ಬಿಡಿಸಬೇಕು. ಬಿಡಿಸಿದ್ದು ತಿರುಚಿಕೊಂಡಿರದಂತೆ ನೋಡಿಕೊಂಡು, ಚಕ್ರದ ಹಲ್ಲಿಗೆ ಪೆನ್ಸಿಲ್ ಸಿಕ್ಕಿಸಿ ಸುತ್ತಬೇಕು. ಪೆನ್ಸಿಲ್ಲಿಗೆ ಮೂಲೆಗಳಿರಬೇಕು, ದುಂಡಗಿದ್ದರೆ ಜಾರುತ್ತದೆ. ತುಂಡಾಗಿದ್ದರೆ ಸೆಲ್ಲೋಟೇಪಿನ ಚೂರು ಅಂಟಿಸುತ್ತಿದ್ದರು, ಸೆಕೆಗೆ ಅದರ ಅಂಟು ಜಿನುಗಿ ಮತ್ತೆ ಅದೇ ರಗಳೆ. ನಮ್ಮ ಕತೆಯಲ್ಲಿ ತುಂಡಾಗುವುದು ಬೇಡ, ಸುಕ್ಕಾಗಲಿ. ಸುಕ್ಕಾದ ಟೇಪು ಓಡುತ್ತದೆ, ಆದರೆ ಆ ಜಾಗದಲ್ಲಿ ಓದುವ ಹೆಡ್ಡಿಗೆ ಸರಿಯಾಗಿ ತಾಗದೆ ಹಾಡು ಮುಕ್ಕಾಗುತ್ತದೆ.

ಎಷ್ಟು ಮುಕ್ಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಕ್ಯಾಸೆಟ್ಟಿನ ಟೇಪು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ. ಒಂದು ಮೊಳ ಟೇಪು ಸುಕ್ಕಾಗಿದ್ದರೆ ಹತ್ತಿರ ಹತ್ತಿರ ಹತ್ತು ಸೆಕೆಂಡು ಹಾಡು ಹೋಯಿತು. ಒಂದು ಸಾಲು, ಅದರ ಪುನರುಕ್ತಿ. ಜಗಳವಾದದ್ದೂ ಅದೇ ಸಾಲಿನ ಮೇಲೆ.

ಇನ್ನೊಂದು ಸಂಗತಿ ಕ್ಯಾಸೆಟ್ ಬಳಸಿದವರಲ್ಲೂ ಎಷ್ಟೋ ಜನ ಯೋಚಿಸಿರುವುದಿಲ್ಲ. ಎ ಮತ್ತು ಬಿ ಎಂಬ ಎರಡು ಬದಿಗಳಿಗೆ ಎರಡು ಟೇಪುಗಳಿಲ್ಲ. ಒಂದೇ ಪಟ್ಟಿಯ ಮೇಲರ್ಧದಲ್ಲಿ ಒಂದು ಬದಿ, ಕೆಳಗಿನರ್ಧದಲ್ಲಿ ಹಿಂದುಮುಂದಾಗಿ ಇನ್ನೊಂದು ಬದಿ. ಹಾಗಾಗಿ ಎ ಬದಿಯಲ್ಲಿ ಆದ ಗಾಯ ಬಿ ಬದಿಗೂ ಆಗಿರುತ್ತದೆ. ಬದಿಗೆ ಮೂವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಎ ಬದಿಯ ಹನ್ನೆರಡನೆಯ ನಿಮಿಷ ಕೆಟ್ಟರೆ ಬಿ ಬದಿಯ ಹದಿನೆಂಟನೆಯ ನಿಮಿಷದಲ್ಲಿ ಬೇರೊಂದು ಹಾಡು ಎಡವುತ್ತದೆ. ಕತೆಯ ಎರಡನೆಯ ದೃಶ್ಯ ಸಿಕ್ಕಿದ್ದು ಇಲ್ಲಿ. ಇದನ್ನು ನಾನು ಕಲ್ಪಿಸಿ ತುರುಕಬೇಕಾಗಲಿಲ್ಲ, ಕ್ಯಾಸೆಟ್ಟೇ ಕೊಟ್ಟಿತು.

ಹೊತ್ತು ಕೂಡಿಸಿ ನೋಡೋಣ. ನಾಲ್ಕೂಕಾಲಿಗೆ ನಿಂತ ಹಾಡು, ಬಿಡಿಸಿ ಸುತ್ತುವಷ್ಟರಲ್ಲಿ ನಾಲ್ಕೂವರೆ. ಮತ್ತೆ ಹಾಕಿದಾಗ ಸುಕ್ಕಿನ ಜಾಗ ಬಂದು ಹೋಗುತ್ತದೆ. ಆ ಹತ್ತು ಸೆಕೆಂಡನ್ನು ಮುದುಕಿ ತನ್ನ ಅಪ್ಪನ ಧಾಟಿಯಲ್ಲಿ ತುಂಬುತ್ತಾಳೆ, ಹುಡುಗಿ ತಡೆಯುವುದಿಲ್ಲ. ಎ ಬದಿ ಮುಗಿಯುವಾಗ ಐದಕ್ಕೆ ಹತ್ತು ನಿಮಿಷ, ಹಾವೇರಿ ಹತ್ತಿರವಿದೆ. ಕ್ಲೀನರ್ ಬದಿ ತಿರುವಿ ಹಾಕುತ್ತಾನೆ. ಬಿ ಬದಿಯ ಹದಿನೆಂಟನೆಯ ನಿಮಿಷವೆಂದರೆ ಐದು ಗಂಟೆ ಎಂಟು ನಿಮಿಷ. ಶಿಗ್ಗಾವಿ ಬರಲು ಇನ್ನೂ ಇಪ್ಪತ್ತು ನಿಮಿಷವಿದೆ, ಇಬ್ಬರೂ ಜೊತೆಗಿದ್ದಾರೆ.

ಎರಡನೆಯ ಹಾಡು ಎಡವಿದಾಗ ಹುಡುಗಿ ಮುದುಕಿಯ ಕಡೆ ನೋಡುತ್ತಾಳೆ. ಮುದುಕಿ ಸುಮ್ಮನಿದ್ದಾಳೆ.

"ಇದು ನಿಮ್ಮಪ್ಪ ಹೇಗೆ ಹಾಡ್ತಿದ್ರು?"

"ಇದು ಅಪ್ಪಗ ಗೊತ್ತಿರಲಿಲ್ಲವ್ವಾ. ಕ್ಯಾಸೆಟ್ಟಿನ್ಯಾಗs ಕೇಳಿದ್ದು. ಆ ಹೋದದ್ದೇನು, ಅಂದು ತೋರಸು."

ಹುಡುಗಿ ಹಾಡುತ್ತಾಳೆ, ಕ್ಯಾಸೆಟ್ಟಿನಲ್ಲಿ ಇದ್ದ ಹಾಗೆಯೇ. ಮುದುಕಿ ತೊಡೆಯ ಮೇಲೆ ತಾಳ ಹಾಕುತ್ತಾಳೆ. ಒಂದು ಕಡೆ ತಾಳ ತಪ್ಪುತ್ತದೆ, ಹುಡುಗಿ ಮತ್ತೊಮ್ಮೆ ಹೇಳಿಕೊಡುತ್ತಾಳೆ.

ಈ ಎರಡನೆಯ ದೃಶ್ಯವಿಲ್ಲದಿದ್ದರೆ ಕತೆ ಒಂದು ಕಡೆಗೆ ವಾಲುತ್ತಿತ್ತು. ಹಳ್ಳಿಯ ಹಾಡನ್ನು ಪೇಟೆಯ ಕ್ಯಾಸೆಟ್ ನುಂಗಿತು ಎಂಬ ದೂರು ಮಾತ್ರ ಉಳಿಯುತ್ತಿತ್ತು, ಆ ದೂರು ಅರ್ಧ ಸತ್ಯ. ಉತ್ತರ ಭಾರತದ ಕ್ಯಾಸೆಟ್ ಲೋಕವನ್ನು ಅಭ್ಯಾಸ ಮಾಡಿ 1993ರಲ್ಲೇ ಪುಸ್ತಕ ಬರೆದ ಸಂಗೀತಶಾಸ್ತ್ರಜ್ಞ ಪೀಟರ್ ಮ್ಯಾನ್ಯುಯಲ್ ಕೂಡ, ಅಗ್ಗದ ಈ ವಸ್ತುವಿನಿಂದ ಪ್ರಾಂತ್ಯ ಪ್ರಾಂತ್ಯದ ಹಾಡುಗಳಿಗೆ ಹೊಸ ಮಾರುಕಟ್ಟೆ ತೆರೆದದ್ದನ್ನು ವಿವರವಾಗಿ ತೋರಿಸಿದ್ದಾರೆ. ಕ್ಯಾಸೆಟ್ ಇಲ್ಲದಿದ್ದರೆ ಮೈಸೂರಿನ ಈ ಹುಡುಗಿಗೆ ಷರೀಫರು ಪಠ್ಯದ ಒಂದು ಹೆಸರಾಗಿ ಉಳಿಯುತ್ತಿದ್ದರು, ಮುದುಕಿಗೂ ಅಪ್ಪನಿಗೆ ಗೊತ್ತಿಲ್ಲದ ಪದಗಳು ಸಿಗುತ್ತಿರಲಿಲ್ಲ. ಆಕೆಯಿಂದ ಒಂದು ಧಾಟಿ ಕಸಿದುಕೊಂಡ ವಸ್ತುವೇ ಆಕೆಗೆ ಇನ್ನೊಂದು ಪದ ಕೊಟ್ಟಿದೆ. ಎರಡೂ ನಿಜವಾಗಿರಬೇಕು, ಎರಡೂ ಮಾತಿನಲ್ಲಿ ಬರಬಾರದು, ಕೆಲಸದಲ್ಲಿ ಕಾಣಬೇಕು. ತಾಳ ತಪ್ಪಿ ಮತ್ತೆ ಕಲಿಯುವುದು ಆ ಕೆಲಸ.

ಇನ್ನು ಮುಕ್ತಾಯ. ಶಿಗ್ಗಾವಿ ಬರುತ್ತದೆ. ಕಂಡಕ್ಟರ್ ಕೂಗುತ್ತಾನೆ, ಮುದುಕಿ ಗಡಿಬಿಡಿಯಿಂದ ಗಂಟು ಹುಡುಕುತ್ತಾಳೆ, ಹುಡುಗಿ ಮೇಲಿನ ಕಟಕಟೆಯಿಂದ ಅದನ್ನು ಇಳಿಸಿಕೊಡುತ್ತಾಳೆ. ಇಳಿಯುವಾಗ ಮುದುಕಿ ಹೇಳುವ ಮಾತು ಹಾಡಿನ ಬಗ್ಗೆ ಇರಬಾರದು. "ಹುಬ್ಬಳ್ಳಿ ನೀರು ಹೊಸಾದು, ಕಾಸಿ ಕುಡೀ ಯವ್ವಾ" ಎನ್ನಲಿ. ಕತೆ ಅಲ್ಲಿಗೆ ಮುಗಿಯಬೇಕು.

ಇಲ್ಲಿ ಕೈ ತಡೆಯಲಾರದವರು ಇನ್ನೊಂದು ಪುಟ ಬರೆಯುತ್ತಾರೆ: ಡ್ರೈವರ್ ಆ ಕ್ಯಾಸೆಟ್ಟನ್ನು ಹುಡುಗಿಗೇ ಕೊಟ್ಟುಬಿಡುತ್ತಾನೆ, ಮೂವತ್ತು ವರ್ಷದ ಮೇಲೆ ಅವಳು ಅದನ್ನು ಪೆಟ್ಟಿಗೆಯಿಂದ ತೆಗೆಯುತ್ತಾಳೆ, ಈಗ ಹಾಕಿ ಕೇಳಲು ಯಂತ್ರವಿಲ್ಲ, ಫೋನಿನಲ್ಲಿ ಅದೇ ಹಾಡು ಹುಡುಕುತ್ತಾಳೆ. ಡ್ರೈವರ್ ಯಾಕೆ ಕೊಟ್ಟಾನು? ನಾಳೆ ರಾತ್ರಿ ಮೂರು ಗಂಟೆಗೆ ಅವನಿಗೆ ಅದು ಬೇಕು. ಫೋನಿನ ಹಾಡಿನಲ್ಲೂ ಸುಕ್ಕಾದ ಮೊಳವಿರುವುದಿಲ್ಲ, ಅದು ನಡುವೆ ನಿಂತು ಪಕ್ಕದವರ ಬಾಯಿಗೆ ಜಾಗ ಬಿಡುವುದಿಲ್ಲ, ಕಿವಿಗೆ ಸಿಕ್ಕಿಸಿಕೊಂಡರಂತೂ ಪಕ್ಕದವರಿಗೆ ಕೇಳಿಸುವುದೇ ಇಲ್ಲ. ಈಗಿನ ಬಸ್ಸಿನಲ್ಲಿ ಈ ಇಬ್ಬರನ್ನು ಸೇರಿಸಬೇಕೆಂದರೆ ಬೇರೆಯೇ ಉಪಾಯ ಹುಡುಕಬೇಕು, ಅದು ಬೇರೆಯೇ ಕತೆ. ಆ ಕೊನೆಯ ಪುಟ ಬರೆದಾಗಿದ್ದರೆ ಹೊಡೆದುಹಾಕಿ, ಬಸ್ಸನ್ನು ಹುಬ್ಬಳ್ಳಿ ಕಡೆ ಹೋಗಲು ಬಿಟ್ಟುಬಿಡುವುದು ಒಳ್ಳೆಯದು.